ಮಕ್ಕಳ ವಾರ್ಡಿಂದ ನೈಟ್ ಟೀಮ್‌ಗೆ ಹ್ಯಾಂಡೋವರ್ ನೋಟ್ ಬರೆಯೋದು ಹೇಗೆ: ನಾಲ್ಕು ಬೆಡ್, ನಾಲ್ಕು ತೂಕ, ಡೋಸ್ ಸಮೇತ

ಈ ತಿಂಗಳು ಮಂಡ್ಯದಲ್ಲಿ ಪೀಡಿಯಾಟ್ರಿಕ್ಸ್ ಪೋಸ್ಟಿಂಗ್‌ಗೆ ಬಂದಿರೋ ಇಂಟರ್ನ್‌ಗಳು, ಫಸ್ಟ್ ಇಯರ್ ಪೀಜಿಗಳು ತುಂಬಾ ಜನ ಒಂದೇ ಪ್ರಶ್ನೆ ಕೇಳ್ತಿದ್ರು, ಅದಕ್ಕೆ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ. ರಾತ್ರಿ ಎಂಟಕ್ಕೆ ಡ್ಯೂಟಿ ಬದಲಾಗುತ್ತೆ, ನೈಟ್‌ಗೆ ಬರೋ ಡಾಕ್ಟರ್ ಒಬ್ಬರೇ ವಾರ್ಡನ್ನೂ ನೋಡ್ಬೇಕು, ಮಧ್ಯೆ ಕ್ಯಾಶುಯಾಲ್ಟಿಯಿಂದ ಕಾಲ್ ಬಂದ್ರೆ ಅಲ್ಲಿಗೂ ಓಡ್ಬೇಕು. ಬೆಳಗಿನ ಜಾವ ಮೂರು ಗಂಟೆಗೆ ಮಗುಗೆ ಫಿಟ್ಸ್ ಬಂದಾಗ ಅವ್ರು ಕ್ಯಾಲ್ಕ್ಯುಲೇಟರ್ ಹುಡುಕ್ತಾ ನಿಲ್ಲಬಾರದು. ಆ ಲೆಕ್ಕ ಸಂಜೆ ಏಳಕ್ಕೆ, ತಲೆ ನೆಟ್ಟಗಿರುವಾಗ, ಮಗುನ ಇಡೀ ದಿನ ನೋಡಿರೋ ನೀವು ಮಾಡಿಟ್ಟಿರಬೇಕು.

ಇಲ್ಲಿ ಬರೆದಿರೋ ನಾಲ್ಕು ಮಕ್ಕಳು ನಮ್ಮ ಕಡೆ ವಾರ್ಡಲ್ಲಿ ಸಾಮಾನ್ಯವಾಗಿ ಸಿಗೋ ಥರದ ಕೇಸ್‌ಗಳು, ತೋರಿಸೋಕೆ ಅಂತ ನಾನೇ ಜೋಡಿಸಿದ್ದು, ಯಾವ ನಿಜವಾದ ಪೇಷೆಂಟ್ ವಿವರವೂ ಅಲ್ಲ. ಡೋಸ್‌ಗಳು ವಾರ್ಡಲ್ಲಿ ರೂಢಿಯಲ್ಲಿರೋವು, ಆದ್ರೆ ನಿಮ್ಮ ಯೂನಿಟ್ ಪ್ರೋಟೊಕಾಲ್ ಬೇರೆ ಹೇಳಿದ್ರೆ ಅದೇ ಫೈನಲ್. ಮನೇಲಿ ಓದ್ತಿರೋ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನ ನೋಡಿ ಔಷಧಿ ಕೊಡೋಕೆ ಹೋಗಬೇಡಿ, ಇದು ವಾರ್ಡಲ್ಲಿ ಕೆಲಸ ಮಾಡೋರಿಗೆ.

ಮೊದಲು ಒಂದು ಡೋಸ್ ಸಾಲು ಸರಿಯಾಗಿ ಬರೆಯೋದು ಕಲೀರಿ

ಹ್ಯಾಂಡೋವರ್ ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣೋ ಸಾಲು ಏನು ಅಂದ್ರೆ "ಜ್ವರ ಬಂದ್ರೆ ಪಿಸಿಎಂ 4 ಎಂಎಲ್". ಬರೆದೋರ ತಲೇಲಿ ಎಲ್ಲಾ ಸರಿಯಾಗೇ ಇರುತ್ತೆ, 14 ಕೆಜಿ ಮಗು, ಕೆಜಿಗೆ 15 ಎಂಜಿ, 210 ಎಂಜಿ, ಅಂದ್ರೆ 250 ಸಿರಪ್‌ನಲ್ಲಿ 4.2 ಎಂಎಲ್. ಆದ್ರೆ ವಾರ್ಡ್ ಟ್ರಾಲಿ ಮೇಲೆ ಪ್ಯಾರಾಸಿಟಮಾಲ್ ಒಂದೇ ಥರ ಇರಲ್ವಲ್ಲ. 5 ಎಂಎಲ್‌ಗೆ 125 ಎಂಜಿ ಇರೋದು ಒಂದು, 5 ಎಂಎಲ್‌ಗೆ 250 ಇರೋದು ಇನ್ನೊಂದು, ಆಮೇಲೆ ಪುಟ್ಟ ಮಕ್ಕಳ ಡ್ರಾಪ್ಸ್, ಅದ್ರಲ್ಲಿ ಒಂದೇ ಎಂಎಲ್‌ಗೆ 100 ಎಂಜಿ. ಅದೇ 4 ಎಂಎಲ್ ಅನ್ನ 125ರ ಬಾಟಲಿಂದ ಹಾಕಿದ್ರೆ ಮಗುಗೆ ಹೋಗಿದ್ದು 100 ಎಂಜಿ, ಅರ್ಧ ಡೋಸೂ ಇಲ್ಲ, ಜ್ವರ ಇಳಿಯಲ್ಲ, ನೈಟ್ ಡಾಕ್ಟರ್ "ಔಷಧಿಗೂ ಬಗ್ತಿಲ್ಲ" ಅಂದ್ಕೊಂಡು ಬೇರೆ ದಾರಿ ಹಿಡೀತಾರೆ. ಡ್ರಾಪ್ಸ್ ಬಾಟಲಿಂದ ಹಾಕಿದ್ರೆ 400 ಎಂಜಿ, ಹೆಚ್ಚು ಕಮ್ಮಿ ಎರಡು ಪಟ್ಟು. ಬರೆದ ಸಾಲು ಒಂದೇ, ಕೈಗೆ ಸಿಕ್ಕ ಬಾಟಲಿ ಮೇಲೆ ಮೂರು ಬೇರೆ ಬೇರೆ ಡೋಸ್.

ಹಂಗಾಗಿ ಸಾಲು ಯಾವಾಗ್ಲೂ ಇದೇ ಕ್ರಮದಲ್ಲಿ ಬರಲಿ: ಮಗು ತೂಕ, ಕೆಜಿಗೆ ಎಷ್ಟು ಎಂಜಿ, ಒಟ್ಟು ಎಷ್ಟು ಎಂಜಿ, ಯಾವ ಸ್ಟ್ರೆಂತ್ ಬಾಟಲಿ, ಅದ್ರಲ್ಲಿ ಎಷ್ಟು ಎಂಎಲ್, ಹೋದ ಸಲ ಕೊಟ್ಟಿದ್ದು ಎಷ್ಟೊತ್ತಿಗೆ, ಮತ್ತೆ ಯಾವಾಗ ಕೊಡಬಹುದು. ಹೀಗೆ:

ಪ್ಯಾರಾಸಿಟಮಾಲ್, 14 ಕೆಜಿ × 15 ಎಂಜಿ = 210 ಎಂಜಿ, 250/5 ಸಿರಪ್‌ನಲ್ಲಿ 4.2 ಎಂಎಲ್ ಬಾಯಿಗೆ, ಕೊನೆಗೆ ಕೊಟ್ಟಿದ್ದು ಸಂಜೆ 5, ರಾತ್ರಿ 11ಕ್ಕಿಂತ ಮುಂಚೆ ಬೇಡ, 24 ಗಂಟೇಲಿ 4 ಸಲ ಮೀರಬಾರದು.

ಉದ್ದ ಆಯ್ತು ಅನ್ಸುತ್ತೆ, ಆದ್ರೆ ಇದ್ರಲ್ಲಿ ಒಂದೊಂದು ತುಂಡೂ ಇನ್ನೊಂದನ್ನ ಚೆಕ್ ಮಾಡುತ್ತೆ. ಎಂಎಲ್ ತಪ್ಪು ಬರೆದಿದ್ರೆ ಎಂಜಿ ನೋಡಿದೋರಿಗೆ ಗೊತ್ತಾಗುತ್ತೆ, ಎಂಜಿ ತಪ್ಪಿದ್ರೆ ತೂಕ ನೋಡಿದೋರಿಗೆ ಗೊತ್ತಾಗುತ್ತೆ. ಬರೀ ಎಂಎಲ್ ಬರೆದ್ರೆ ಸಿಸ್ಟರ್‌ಗೆ ನಿಮ್ಮ ತಪ್ಪು ಹಿಡಿಯೋಕೆ ದಾರಿನೇ ಇರಲ್ಲ, ಮತ್ತೆ ನಮ್ಮ ಎಷ್ಟೋ ತಪ್ಪುಗಳನ್ನ ಮಗುಗೆ ಮುಟ್ಟೋ ಮುಂಚೆ ತಡೆಯೋರು ಸಿಸ್ಟರ್‌ಗಳೇ.

ಅಂಕಿ ಬರೆಯೋ ರೀತಿ ಬಗ್ಗೆ ಎರಡೇ ಮಾತು. ಚುಕ್ಕೆ ಮುಂಚೆ ಸೊನ್ನೆ ಬರೀಲೇಬೇಕು, 0.7 ಅನ್ನಿ, ಬರೀ .7 ಬರೆದ್ರೆ ರಾತ್ರಿ ಬೆಳಕಲ್ಲಿ ಚುಕ್ಕೆ ಕಾಣದೆ 7 ಆಗುತ್ತೆ. ಚುಕ್ಕೆ ಆದ್ಮೇಲೆ ಸುಮ್ನೆ ಸೊನ್ನೆ ಹಾಕಲೇಬಾರದು, 6.0 ಬರೆದ್ರೆ 60 ಆಗುತ್ತೆ. ಮಕ್ಕಳಲ್ಲಿ ಹತ್ತು ಪಟ್ಟು ತಪ್ಪು ಆಗೋದು ಬಹುಪಾಲು ಇಲ್ಲೇ, ದೊಡ್ಡೋರಲ್ಲಿ ಹತ್ತು ಪಟ್ಟು ಕೊಡೋಕೆ ಹತ್ತು ಆಂಪ್ಯೂಲ್ ಒಡೀಬೇಕಾಗುತ್ತೆ, ಕೈ ತಾನಾಗೇ ನಿಲ್ಲುತ್ತೆ, ಮಗುಗಾದ್ರೆ ಹತ್ತು ಪಟ್ಟು ಕೂಡ ಒಂದೇ ಆಂಪ್ಯೂಲ್‌ನಲ್ಲಿ ಸಲೀಸಾಗಿ ಬಂದುಬಿಡುತ್ತೆ. ಮೈಕ್ರೋಗ್ರಾಂ, ಯೂನಿಟ್ ಇಂಥವನ್ನ ಚಿಕ್ಕದು ಮಾಡದೆ ಪೂರ್ತಿ ಬರೀರಿ.

ಯಾವ ತೂಕ ಅನ್ನೋದು ಇನ್ನೊಂದು ಪ್ರಶ್ನೆ

ಕೇಸ್ ಶೀಟ್ ಮೇಲೆ ತೂಕ ಅಂತ ಒಂದು ಅಂಕಿ ಇರುತ್ತೆ, ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ತಾಯಿ ಅಂದಾಜಲ್ಲಿ ಹೇಳಿದ್ದಿರಬಹುದು, ಕ್ಯಾಶುಯಾಲ್ಟೀಲಿ ವಯಸ್ಸಿನ ಫಾರ್ಮುಲಾ ಹಾಕಿ ಬರೆದಿದ್ದಿರಬಹುದು, ಶಾಲು ಸ್ವೆಟರ್ ಸಮೇತ ತೂಗಿದ್ದಿರಬಹುದು. ನೋಟಲ್ಲಿ ತೂಕದ ಪಕ್ಕದಲ್ಲೇ "ತೂಗಿದ್ದು, ಇವತ್ತು ಬೆಳಗ್ಗೆ" ಅಂತಲೋ "ಅಂದಾಜು, ಇನ್ನೂ ತೂಗಿಲ್ಲ" ಅಂತಲೋ ಬರೀರಿ. ಕೇಸ್ ಶೀಟಲ್ಲಿ ಎರಡು ತೂಕ ಇದ್ರೆ ತಪ್ಪಿರೋದನ್ನ ಒಂದು ಗೆರೆ ಎಳೆದು ಸಹಿ ಹಾಕಿ. ಈ ನಾಲ್ಕು ಮಕ್ಕಳಲ್ಲಿ ಮೂರು ಮಕ್ಕಳಿಗೆ ತೂಕದ್ದೇ ಒಂದೊಂದು ಕಥೆ ಇದೆ, ಅದಕ್ಕೇ ಇವನ್ನೇ ಆರಿಸಿದ್ದು. ನೋಟಲ್ಲಿ ಬೆಡ್ ನಂಬರ್ ಕ್ರಮ ಬೇಡ, ಯಾವ ಮಗು ರಾತ್ರಿ ಕೆಡಬಹುದೋ ಅದು ಮೊದಲು ಬರಲಿ.

ಬೆಡ್ 7: ಡೆಂಗ್ಯೂ, 10 ವರ್ಷ, 46 ಕೆಜಿ

ವಾರ್ನಿಂಗ್ ಸೈನ್ಸ್ ಇರೋ ಡೆಂಗ್ಯೂ, ಹೊಟ್ಟೆನೋವು, ಎರಡು ಸಲ ವಾಂತಿ, ಜ್ವರ ಇವತ್ತು ಮಧ್ಯಾಹ್ನದಿಂದ ಇಳಿದಿದೆ. ಜ್ವರ ಇಳಿದಿದ್ದಕ್ಕೇ ಇವನು ಮೊದಲನೇ ಸಾಲಲ್ಲಿರೋದು, ಡೆಂಗ್ಯೂನಲ್ಲಿ ರಕ್ತನಾಳದಿಂದ ನೀರು ಸೋರೋ ಹೊತ್ತು ಶುರು ಆಗೋದೇ ಜ್ವರ ಬಿಟ್ಟ ಮೇಲೆ. ಮನೆಯವರು "ಜ್ವರ ಬಿಟ್ಟೈತೆ ಡಾಕ್ಟ್ರೇ, ಬೆಳಗ್ಗೆ ಮನೆಗೆ ಕಳಿಸ್ಕೊಡಿ" ಅಂತ ಕೇಳ್ತಿರ್ತಾರೆ, ನೈಟ್ ಟೀಮ್‌ಗೂ ಅದೇ ನಿರಾಳ ಹತ್ತಬಾರದು.

ಹುಡುಗ ದಪ್ಪ ಇದಾನೆ. ಮಷೀನ್ ಮೇಲೆ 46, ಎತ್ತರಕ್ಕೆ ತಕ್ಕ ತೂಕ ಚಾರ್ಟಲ್ಲಿ ನೋಡಿದ್ರೆ 32. ಡ್ರಿಪ್ ಲೆಕ್ಕ ಹಾಕಬೇಕಿರೋದು 32ಕ್ಕೆ, ಯಾಕಂದ್ರೆ ಕೊಬ್ಬು ಜಾಸ್ತಿ ಇದ್ರೆ ರಕ್ತನಾಳದೊಳಗಿನ ಜಾಗ ಅದೇ ಲೆಕ್ಕದಲ್ಲಿ ಜಾಸ್ತಿ ಆಗಲ್ಲ. ಶುರುವಲ್ಲಿ ಗಂಟೆಗೆ ಕೆಜಿಗೆ 5 ಎಂಎಲ್ ಅಂತ ಹಾಕಿದ್ರೆ 32ಕ್ಕೆ 160 ಎಂಎಲ್, 46ಕ್ಕೆ 230. ಗಂಟೆಗೆ 70 ಎಂಎಲ್ ವ್ಯತ್ಯಾಸ, ಆರು ಗಂಟೆ ಹಾಗೇ ಬಿಟ್ರೆ 420 ಎಂಎಲ್ ಸುಮ್ನೆ ಜಾಸ್ತಿ ಹೋಯ್ತು, ಅದು ಹೋಗಿ ಕೂರೋದು ಎದೆ ಗೂಡಲ್ಲಿ, ಹೊಟ್ಟೇಲಿ, ಬೆಳಗ್ಗೆ ಅಷ್ಟೊತ್ತಿಗೆ ಮಗುಗೆ ಉಸಿರಾಟ ಕಷ್ಟ. ಅದಕ್ಕೆ ನೋಟಲ್ಲಿ ಎರಡೂ ತೂಕ ಬರೆದು "ಫ್ಲೂಯಿಡ್ ಲೆಕ್ಕ 32ಕ್ಕೆ" ಅಂತ ಕೆಳಗೆ ಗೆರೆ ಎಳೀರಿ. ಇಲ್ಲಾಂದ್ರೆ ನೈಟ್ ಡಾಕ್ಟರ್ ಕೇಸ್ ಶೀಟಲ್ಲಿ 46 ನೋಡಿ, ನೀವೇ ಕಮ್ಮಿ ಕೊಟ್ಟಿದೀರಿ ಅಂದ್ಕೊಂಡು ಜಾಸ್ತಿ ಮಾಡ್ತಾರೆ.

ಈಗ ಸಂಜೆ 6ರಿಂದ ಕೆಜಿಗೆ 3 ಎಂಎಲ್‌ಗೆ ಇಳಿಸಿದೀವಿ, ಅಂದ್ರೆ ಗಂಟೆಗೆ 96 ಎಂಎಲ್ ನಾರ್ಮಲ್ ಸಲೈನ್. ಇನ್‌ಫ್ಯೂಷನ್ ಪಂಪ್ ಎಲ್ಲಾ ಬೆಡ್‌ಗೂ ಸಿಗಲ್ಲ, ಹಂಗಾಗಿ ಹನಿ ಲೆಕ್ಕನೂ ಬರೀರಿ: ಎಂಎಲ್‌ಗೆ 20 ಹನಿ ಇರೋ ಸೆಟ್‌ನಲ್ಲಿ ನಿಮಿಷಕ್ಕೆ 32 ಹನಿ. ಮೈಕ್ರೋ ಡ್ರಿಪ್ ಸೆಟ್ ಆದ್ರೆ ಎಂಎಲ್‌ಗೆ 60 ಹನಿ, ಆಗ ನಿಮಿಷಕ್ಕೆ 96. ಯಾವ ಸೆಟ್ ಹಾಕಿದೀರಿ ಅಂತ ಬರೀದೆ ಬರೀ "32 ಹನಿ" ಅಂದ್ರೆ ಮತ್ತೆ ಅದೇ ಬಾಟಲಿ ಕಥೆ.

ಆಮೇಲೆ "ಹೀಗಾದ್ರೆ ಹಾಗೆ" ಅನ್ನೋ ಸಾಲು. ಪಲ್ಸ್ ಪ್ರೆಷರ್, ಅಂದ್ರೆ ಬಿಪಿಯ ಮೇಲಿನ ಅಂಕಿ ಕೆಳಗಿನ ಅಂಕಿ ವ್ಯತ್ಯಾಸ, 20 ಅಥವಾ ಅದಕ್ಕಿಂತ ಕಮ್ಮಿ ಆದ್ರೆ, ಕೈಕಾಲು ತಣ್ಣಗಾದ್ರೆ, ಬಿಪಿ ಇನ್ನೂ ಚೆನ್ನಾಗಿದ್ರೂ ಅದು ಶಾಕ್. 10 ಎಂಎಲ್ × 32 = 320 ಎಂಎಲ್ ಒಂದು ಗಂಟೇಲಿ, ಸೀನಿಯರ್‌ಗೆ ಫೋನ್, ಡ್ರಿಪ್ ಶುರು ಮಾಡೋ ಮುಂಚೆ ಹೆಮಟೋಕ್ರಿಟ್‌ಗೆ ರಕ್ತ. ಬಿಪಿನೇ ಬಿದ್ರೆ 20 × 32 = 640 ಎಂಎಲ್ 15 ನಿಮಿಷದಲ್ಲಿ, ಜೊತೆಗೇ ಐಸಿಯುಗೆ. ಮಾಮೂಲಿ ಹೆಮಟೋಕ್ರಿಟ್ ಯಾವ ಟೈಮಿಗೆ, ಹಿಂದಿನದ್ದು ಎಷ್ಟಿತ್ತು ಅದನ್ನೂ ಪಕ್ಕದಲ್ಲೇ ಹಾಕಿ, ಒಂದೇ ಒಂದು ಅಂಕಿ ಇಟ್ಕೊಂಡು ಏರ್ತಿದ್ಯೋ ಇಳೀತಿದ್ಯೋ ಗೊತ್ತಾಗಲ್ಲ. ಜ್ವರ ಮರುಕಳಿಸಿದ್ರೆ ಪ್ಯಾರಾಸಿಟಮಾಲ್ 32 × 15 = 480, 500ರ ಮಾತ್ರೆ ಒಂದು, ಆರು ಗಂಟೆ ಅಂತರ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ಡೈಕ್ಲೋಫೆನಾಕ್ ಇಂಜೆಕ್ಷನ್ ಮೂರೂ ಬೇಡ ಅಂತ ಹೆಸರು ಹಿಡಿದೇ ಬರೀರಿ, ಹೊಟ್ಟೆನೋವು ಅಂತ ಮಗು ಅತ್ತಾಗ ಯಾರಾದ್ರೂ ಕೊಟ್ಟುಬಿಡೋ ಔಷಧಿಗಳೇ ಇವು.

ಬೆಡ್ 12: ಹಾವು ಕಚ್ಚಿರೋದು, 7 ವರ್ಷ, 18 ಕೆಜಿ

ಕಬ್ಬಿನ ಗದ್ದೆ ಬದುವಲ್ಲಿ ಕಚ್ಚಿದ್ದು, ಕಾಲು ಊದಿದೆ, ಮನೆಯವರು ಹೇಳೋದು ಕೊಳಕುಮಂಡಲ ಅಂತ, ಬಂದಾಗ ರಕ್ತ ಹೆಪ್ಪುಗಟ್ಟಿಲ್ಲ. ಕ್ಯಾಶುಯಾಲ್ಟಿ ಶೀಟಲ್ಲಿ 22 ಕೆಜಿ ಅಂತಿದೆ, ಅದು ವಯಸ್ಸನ್ನ ಏಳರಿಂದ ಗುಣಿಸಿ, ಐದು ಕಳೆದು, ಅರ್ಧ ಮಾಡೋ ಫಾರ್ಮುಲಾದ ಅಂಕಿ. ವಾರ್ಡಲ್ಲಿ ತೂಗಿದಾಗ 18. ನಮ್ಮ ಹಳ್ಳಿ ಕಡೆ ಮಕ್ಕಳು ಫಾರ್ಮುಲಾಕ್ಕಿಂತ ಹಗುರ ಇರೋದು ಹೊಸದಲ್ಲ, 22ನ್ನ ಹೊಡೆದು ಹಾಕಿ 18 ಬರೀರಿ.

ಆದ್ರೆ ಈ ಮಗು ವಿಷಯದಲ್ಲಿ ತುಂಬಾ ದೊಡ್ಡ ಅಕ್ಷರದಲ್ಲಿ ಬರೀಬೇಕಿರೋದು ಬೇರೆ: ಹಾವಿನ ವಿಷದ ಮದ್ದು, ಎಎಸ್‌ವಿ, ತೂಕಕ್ಕೆ ಅಲ್ಲ. ಹಾವು ಮಗು ಅಂತ ವಿಷ ಕಮ್ಮಿ ಬಿಡಲ್ಲ, ದೊಡ್ಡೋರಿಗೆ ಬಿಟ್ಟಷ್ಟೇ ಬಿಡುತ್ತೆ, ಮದ್ದು ಆ ವಿಷವನ್ನ ಕಟ್ಟಿಹಾಕಬೇಕು, ಹಂಗಾಗಿ ದೊಡ್ಡೋರಿಗೆ 10 ವಯಲ್ ಆದ್ರೆ ಮಗುಗೂ 10 ವಯಲ್. ಉಳಿದ ಮೂರೂ ಬೆಡ್‌ಗೆ ತೂಕದಿಂದ ಗುಣಿಸಿ ಗುಣಿಸಿ ಬಂದಿರೋ ಕೈ ಇಲ್ಲೂ ತಾನಾಗೇ "ಚಿಕ್ಕ ಮಗು, 4 ವಯಲ್ ಸಾಕು" ಅಂತ ಇಳಿಸೋಕೆ ಹೋಗುತ್ತೆ. ಆ ಸಾಲಲ್ಲಿ "ತೂಕದ ಲೆಕ್ಕ ಇಲ್ಲ" ಅಂತ ಬಿಡಿಸಿ ಬರೀದಿದ್ರೆ ಆಗಲ್ಲ. ತೂಕಕ್ಕೆ ಬದಲಾಗೋದು ಅದನ್ನ ಬೆರೆಸೋ ನೀರು ಮಾತ್ರ, ಕೆಜಿಗೆ 5ರಿಂದ 10 ಎಂಎಲ್. ಪುಡಿ ವಯಲ್‌ಗಳನ್ನ ಒಂದೊಂದಕ್ಕೂ 10 ಎಂಎಲ್ ನೀರು ಹಾಕಿ ಕರಗಿಸಿದ್ರೇನೆ 100 ಎಂಎಲ್ ಆಗೋಯ್ತು, ಅದಕ್ಕೆ 80 ಎಂಎಲ್ ಸಲೈನ್ ಸೇರಿದ್ರೆ 180, ಒಂದು ಗಂಟೇಲಿ ಓಡಿಸೋದು. ಮೊದಲನೇ ಡೋಸ್ ಹೀಗೇ ಸಂಜೆ 6ಕ್ಕೆ ಮುಗಿದಿದೆ.

ರಾತ್ರಿ ಕೆಲಸ ಏನು ಅಂದ್ರೆ ಆರು ಗಂಟೆ ಆದ್ಮೇಲೆ, ಅಂದ್ರೆ 12ಕ್ಕೆ, ಮತ್ತೆ ಇಪ್ಪತ್ತು ನಿಮಿಷದ ಕ್ಲಾಟಿಂಗ್ ಟೆಸ್ಟ್. ಇದನ್ನ "12ಕ್ಕೆ ಟೆಸ್ಟ್" ಅಂತ ಬರೆದು ಬಿಡಬೇಡಿ. ಒಣಗಿರೋ, ಹೊಸ ಗಾಜಿನ ಟೆಸ್ಟ್ ಟ್ಯೂಬ್ ಬೇಕು, ಪ್ಲಾಸ್ಟಿಕ್ ಆಗಲ್ಲ, ಸೋಪಿನ ನೀರಲ್ಲಿ ತೊಳೆದಿದ್ದೂ ಆಗಲ್ಲ, ಎರಡರಲ್ಲೂ ಚೆನ್ನಾಗಿರೋ ರಕ್ತ ಕೂಡ ಹೆಪ್ಪುಗಟ್ಟದೆ ಹೋಗಬಹುದು, ಆಗ ಮಗುಗೆ ಬೇಡದಿರೋ ಹತ್ತು ವಯಲ್ ಹೋಗುತ್ತೆ. 2 ಎಂಎಲ್ ರಕ್ತ ಹಾಕಿ, ಸ್ಟ್ಯಾಂಡಲ್ಲಿ ನೆಟ್ಟಗೆ ಇಟ್ಟು, ಇಪ್ಪತ್ತು ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಒಂದೇ ಸಲ ಬಗ್ಗಿಸಿ ನೋಡೋದು. ಮಧ್ಯೆ ಮಧ್ಯೆ ಎತ್ತಿ ನೋಡ್ತಾ ಇದ್ರೆ ಟೆಸ್ಟ್ ಕೆಟ್ಟಹಾಗೇ. ಟ್ಯೂಬನ್ನ ಹಗಲಲ್ಲೇ ಲ್ಯಾಬಿಂದ ತಂದು ಸಿಸ್ಟರ್ ಹತ್ರ ಕೊಟ್ಟು "ಟ್ಯೂಬ್ ಟ್ರಾಲಿ ಮೇಲಿನ ಡ್ರಾಯರ್‌ನಲ್ಲಿ" ಅಂತ ನೋಟಲ್ಲಿ ಬರೀರಿ. ಹೆಪ್ಪು ಕಟ್ಟಿಲ್ಲ ಅಂದ್ರೆ ಸೀನಿಯರ್‌ಗೆ ಹೇಳಿ ಎರಡನೇ ಡೋಸ್, ವಯಲ್ ಸ್ಟಾಕ್ ಇದ್ಯಾ ಅನ್ನೋದನ್ನ ಈಗಲೇ ನೋಡಿ ಎಣಿಸಿ ಬರೀಬೇಕು.

ಮದ್ದು ಓಡುವಾಗ ಮೈಯೆಲ್ಲಾ ದದ್ದು, ವಾಂತಿ, ಉಸಿರಾಟ ಕಷ್ಟ, ಬಿಪಿ ಇಳಿಯೋದು ಕಂಡ್ರೆ ಡ್ರಿಪ್ ನಿಲ್ಲಿಸಿ ಅಡ್ರಿನಲಿನ್. ಇದು ತೂಕಕ್ಕೇ: 18 × 0.01 ಎಂಜಿ = 0.18 ಎಂಜಿ, ಎಂಎಲ್‌ಗೆ 1 ಎಂಜಿ ಇರೋ ಆಂಪ್ಯೂಲ್‌ನಲ್ಲಿ 0.18 ಎಂಎಲ್, ನೀರು ಬೆರೆಸದೆ, ತೊಡೆಯ ಹೊರಗಡೆ ಮಾಂಸಖಂಡಕ್ಕೆ. ರಕ್ತ ಹೆಪ್ಪುಗಟ್ಟದ ಮಗುಗೆ ಮಾಂಸಕ್ಕೆ ಸೂಜಿ ಬೇಡ ಅಂತೀವಿ, ಆದ್ರೆ ಈ ಒಂದಕ್ಕೆ ಹಿಂದೆಮುಂದೆ ನೋಡಬಾರದು. 0.18 ಎಂಎಲ್ ಅಳೆಯೋಕೆ 1 ಎಂಎಲ್‌ನ ಟ್ಯೂಬರ್ಕ್ಯುಲಿನ್ ಸಿರಿಂಜೇ ಬೇಕು. ಇನ್ಸುಲಿನ್ ಸಿರಿಂಜ್ ನೋಡೋಕೆ ಅದೇ ಥರ ಇರುತ್ತೆ, ಆದ್ರೆ ಗೆರೆ ಎಲ್ಲಾ ಯೂನಿಟ್‌ನಲ್ಲಿ, 40 ಯೂನಿಟ್ ಅಂದ್ರೆ ಒಂದು ಎಂಎಲ್. 18ನೇ ಗೆರೆವರೆಗೆ ಎಳೆದ್ರೆ 0.45 ಎಂಎಲ್ ಬರುತ್ತೆ, ಎರಡೂವರೆ ಪಟ್ಟು. ಸರಿಯಾದ ಸಿರಿಂಜನ್ನ ಆಂಪ್ಯೂಲ್ ಜೊತೆ ಬೆಡ್ ಪಕ್ಕದಲ್ಲೇ ಇಟ್ಟುಬಿಡಿ.

ಬೆಡ್ 3: ಜ್ವರ, ಫಿಟ್ಸ್, ಮೆನಿಂಜೈಟಿಸ್ ಅನುಮಾನ, 3 ವರ್ಷ, 14 ಕೆಜಿ

ಪ್ಯಾರಾಸಿಟಮಾಲ್ ಸಾಲು ಮೇಲೆ ಬರೆದಿದ್ದು ಇದೇ ಮಗುದು. ತೂಕ ಬೆಳಗ್ಗೆ ತೂಗಿದ್ದು, ಅದ್ರಲ್ಲಿ ಗೊಂದಲ ಇಲ್ಲ. ಸೆಫ್ಟ್ರಿಯಾಕ್ಸೋನ್ 14 × 50 = 700 ಎಂಜಿ, 12 ಗಂಟೆಗೊಂದ್ಸಲ. 1 ಗ್ರಾಂ ವಯಲ್ ಕರಗಿಸಿ ಒಟ್ಟು 10 ಎಂಎಲ್ ಆಗೋ ಹಾಗೆ ಮಾಡಿದ್ರೆ 7 ಎಂಎಲ್, ಅರ್ಧ ಗಂಟೇಲಿ ನಿಧಾನಕ್ಕೆ. ಕೊಟ್ಟಿದ್ದು ಸಂಜೆ 4, ಮುಂದಿನದು ಬೆಳಗಿನ ಜಾವ 4. ರಿಂಗರ್ ಲ್ಯಾಕ್ಟೇಟ್ ಓಡ್ತಿರೋ ಲೈನಲ್ಲೇ ಜೊತೆಗೆ ಬಿಡಬಾರದು, ಅದ್ರಲ್ಲಿರೋ ಕ್ಯಾಲ್ಶಿಯಂ ಜೊತೆ ಸೇರಿ ಬಿಳಿ ಬಿಳಿ ಕಣ ಕಟ್ಟುತ್ತೆ.

ಈ ಮಗುಗೆ ನೋಟ್ ಬೇಕಾಗಿರೋದು ಫಿಟ್ಸ್ ಬಂದ ನಿಮಿಷಕ್ಕೆ. ಫಿಟ್ಸ್ ಐದು ನಿಮಿಷ ನಿಲ್ಲದಿದ್ರೆ ಲೋರಾಜೆಪಾಮ್ 14 × 0.1 = 1.4 ಎಂಜಿ, 2 ಎಂಜಿ/ಎಂಎಲ್ ಆಂಪ್ಯೂಲ್‌ನಲ್ಲಿ 0.7 ಎಂಎಲ್, ನಿಧಾನವಾಗಿ ನಾಳಕ್ಕೆ, ಆಂಬು ಬ್ಯಾಗ್ ಕೈಗೆಟುಕೋ ಹಾಗೆ ಇಟ್ಕೊಂಡು. ಇನ್ನೈದು ನಿಮಿಷಕ್ಕೂ ನಿಲ್ಲಲಿಲ್ಲ ಅಂದ್ರೆ ಅದೇ ಇನ್ನೊಂದ್ಸಲ. ಕ್ಯಾನುಲಾ ಕಿತ್ತು ಬಂದಿದ್ರೆ (ಒದ್ದಾಡುವಾಗ ಬಂದೇ ಬರುತ್ತೆ) ಮಿಡಾಜೋಲಾಮ್ ಮೂಗಿಗೆ, 14 × 0.2 = 2.8 ಎಂಜಿ. ಎಂಎಲ್‌ಗೆ 5 ಎಂಜಿ ಇರೋ ವಯಲ್ ಆದ್ರೆ ಇದು 0.56 ಎಂಎಲ್, ಎರಡು ಮೂಗಿನ ಹೊಳ್ಳೆಗೂ ಅರ್ಧರ್ಧ. ಎಂಎಲ್‌ಗೆ 1 ಎಂಜಿ ಇರೋ ವಯಲ್ ಇದ್ರೆ 2.8 ಎಂಎಲ್ ಆಗುತ್ತೆ, ಅಷ್ಟು ನೀರು ಮೂಗಲ್ಲಿ ನಿಲ್ಲಲ್ಲ, ಗಂಟಲಿಗೆ ಇಳಿದು ಹೋಗುತ್ತೆ, ಕೊಟ್ಟಹಾಗೇ ಆಗಲ್ಲ. ನಮ್ಮ ಟ್ರಾಲೀಲಿ ಯಾವ ವಯಲ್ ಇದೆ ಅಂತ ಎದ್ದು ಹೋಗಿ ನೋಡಿ ಬರೀರಿ.

ಅದಕ್ಕೂ ಬಗ್ಗದಿದ್ರೆ ಲೆವೆಟಿರಾಸಿಟಾಮ್ 14 × 40 = 560 ಎಂಜಿ, 100 ಎಂಜಿ/ಎಂಎಲ್ ವಯಲ್‌ನಲ್ಲಿ 5.6 ಎಂಎಲ್, 50 ಎಂಎಲ್ ಸಲೈನ್‌ಗೆ ಹಾಕಿ 10ರಿಂದ 15 ನಿಮಿಷದಲ್ಲಿ. ಒಂದು ವಯಲ್‌ನಲ್ಲಿ ಇರೋದು 5 ಎಂಎಲ್, ಹಂಗಾಗಿ ಎರಡು ವಯಲ್ ಬೇಕು. ಚಿಕ್ಕ ವಿಷಯ ಅನ್ಸುತ್ತೆ, ಆದ್ರೆ ಒಂದೇ ವಯಲ್ ಇಂಡೆಂಟ್ ಮಾಡಿಟ್ಟಿದ್ರೆ ರಾತ್ರಿ ಮೂರಕ್ಕೆ ಆ ಮಿಕ್ಕಿದ 0.6 ಎಂಎಲ್‌ಗೋಸ್ಕರ ಮಗು ಅಪ್ಪ ಮೆಡಿಕಲ್ ಸ್ಟೋರ್‌ಗೆ ಓಡಬೇಕು. ಫಿಟ್ಸ್ ಬಂದಾಗ ಶುಗರ್ ಚೆಕ್ ಮಾಡೋದನ್ನೂ ಅದೇ ಸಾಲಲ್ಲಿ ಸೇರಿಸಿ.

ಬೆಡ್ 9: ತೀವ್ರ ಅಪೌಷ್ಟಿಕತೆ, 14 ತಿಂಗಳು, 6 ಕೆಜಿ

ತೂಕ ಸರಿಯಾಗಿ ಆರೇ ಇದೆ, ಮಷೀನಲ್ಲಿ 6.0 ಅಂತ ಕಾಣುತ್ತೆ, ನೋಟಲ್ಲಿ 6 ಅಂತಷ್ಟೇ ಬರಲಿ. ಊತ ಇಲ್ಲ. ಊತ ಇರೋ ಮಗುವಾಗಿದ್ರೆ ಅದನ್ನೂ ತೂಕದ ಪಕ್ಕದಲ್ಲಿ ಬರೀಬೇಕಿತ್ತು, ಯಾಕಂದ್ರೆ ಆ ತೂಕದಲ್ಲಿ ನೀರೂ ಸೇರಿರುತ್ತೆ.

ಜೆಂಟಾಮೈಸಿನ್ 6 × 7.5 = 45 ಎಂಜಿ, 40 ಎಂಜಿ/ಎಂಎಲ್ ವಯಲ್‌ನಲ್ಲಿ 1.1 ಎಂಎಲ್, ದಿನಕ್ಕೆ ಒಂದೇ ಸಲ, ಇವತ್ತು ಮಧ್ಯಾಹ್ನ 2ಕ್ಕೆ ಆಗಿದೆ. ಮುಂದೆ "ರಾತ್ರಿ ಇಲ್ಲ, ನಾಳೆ ಮಧ್ಯಾಹ್ನ 2" ಅಂತ ಬರೀಲೇಬೇಕು. ಆಂಪಿಸಿಲಿನ್ ಆರು ಗಂಟೆಗೊಂದ್ಸಲ ಹೋಗ್ತಿರುತ್ತೆ, 6 × 50 = 300 ಎಂಜಿ, 500ರ ವಯಲ್ 5 ಎಂಎಲ್ ಮಾಡಿದ್ರೆ 3 ಎಂಎಲ್, ರಾತ್ರಿ 8, 2. ಎರಡೂ ಆಂಟಿಬಯೋಟಿಕ್ ಒಂದೇ ಟ್ರೇನಲ್ಲಿದ್ರೆ ಜೆಂಟಾ ಕೂಡ ಅದರ ಜೊತೆ ಎರಡನೇ ಸಲ ಹೋಗೋ ಸಾಧ್ಯತೆ ಇದೆ, ಕಿವಿಗೂ ಕಿಡ್ನಿಗೂ ಹೊಡೆಯೋ ಔಷಧಿ ಅದು. ಕೊಡಬೇಕಿರೋದನ್ನ ಬರೆದಷ್ಟೇ ಗಟ್ಟಿಯಾಗಿ ಕೊಡಬಾರದ್ದನ್ನೂ ಬರೀರಿ.

ಎಫ್-75 ಹಾಲು ದಿನಕ್ಕೆ ಕೆಜಿಗೆ 130 ಎಂಎಲ್, 6ಕ್ಕೆ 780, ಎರಡು ಗಂಟೆಗೊಂದ್ಸಲ ಅಂದ್ರೆ ಸಲಕ್ಕೆ 65 ಎಂಎಲ್. ಇದನ್ನೂ ಔಷಧಿ ಥರನೇ ಟೈಮ್ ಹಾಕಿ ಬರೀರಿ, ರಾತ್ರಿ 10, 12, 2, 4, 6. ತಾಯಿ ದಣಿದು ಮಲಗಿಬಿಟ್ಟಿರ್ತಾಳೆ, ಎರಡರ ಫೀಡ್ ತಪ್ಪಿದ್ರೆ ನಾಲ್ಕಕ್ಕೆ ಶುಗರ್ ಬಿದ್ದಿರುತ್ತೆ. ಶುಗರ್ 54ಕ್ಕಿಂತ ಕೆಳಗೆ ಬಂದು ಮಗು ಎಚ್ಚರ ಇದ್ರೆ 10 ಪರ್ಸೆಂಟ್ ಗ್ಲೂಕೋಸ್ 50 ಎಂಎಲ್ ಬಾಯಿಗೋ ಟ್ಯೂಬಿಗೋ. ಎಚ್ಚರ ಇಲ್ಲ ಅಂದ್ರೆ ನಾಳಕ್ಕೆ 6 × 5 = 30 ಎಂಎಲ್, ಅದೂ 10 ಪರ್ಸೆಂಟೇ. ವಾರ್ಡಲ್ಲಿ 25 ಪರ್ಸೆಂಟಿನ ಆಂಪ್ಯೂಲ್ ಮಾತ್ರ ಸಿಕ್ಕಿದ್ರೆ ಅದ್ರಲ್ಲಿ 12 ಎಂಎಲ್ ತಗೊಂಡು 18 ಎಂಎಲ್ ಡಿಸ್ಟಿಲ್ಡ್ ವಾಟರ್ ಸೇರಿಸಿದ್ರೆ ಸರಿಯಾಗಿ 30 ಎಂಎಲ್ 10 ಪರ್ಸೆಂಟ್ ಆಗುತ್ತೆ. ಈ ಬೆರಕೆ ಲೆಕ್ಕ ಬರೆದಿಡಿ, ಆ ಹೊತ್ತಲ್ಲಿ ಯಾರಿಗೂ ತಲೆ ಓಡಲ್ಲ.

ಮಗು ಬೇಧಿ ಮಾಡಿದ್ರೆ ಡ್ರಿಪ್ ಏರಿಸೋ ಆಸೆ ಬರುತ್ತೆ. ಶಾಕ್ ಇಲ್ಲದಿದ್ರೆ ಡ್ರಿಪ್ ಬೇಡ ಅಂತ ಬರೀರಿ, ಇಂಥ ಮಗು ಹೃದಯ ಅಷ್ಟು ನೀರನ್ನ ತಡ್ಕೊಳ್ಳಲ್ಲ. ಬೆಚ್ಚಗೆ ಹೊದಿಸಿ, ತಾಯಿ ಮಗ್ಗುಲಲ್ಲೇ ಇರಲಿ.

ಬರೆದು ಮುಗಿದ ಮೇಲೆ

ನೋಟನ್ನ ಟೇಬಲ್ ಮೇಲಿಟ್ಟು, ವಾಟ್ಸಾಪಲ್ಲಿ ಫೋಟೋ ಕಳಿಸಿ ಹೊರಟುಬಿಟ್ರೆ ಅದು ಹ್ಯಾಂಡೋವರ್ ಅಲ್ಲ. ನೈಟ್ ಡಾಕ್ಟರ್, ನೈಟ್ ಸಿಸ್ಟರ್ ಇಬ್ಬರನ್ನೂ ಕರ್ಕೊಂಡು ನಾಲ್ಕೂ ಬೆಡ್ ಪಕ್ಕ ನಿಂತು ಓದಿ, ಆಮೇಲೆ ಅವ್ರ ಬಾಯಲ್ಲಿ ವಾಪಸ್ ಕೇಳಿ. ಐ-ಪಾಸ್ ಅನ್ನೋ ಹ್ಯಾಂಡೋವರ್ ಪದ್ಧತೀಲಿ ಕೊನೇ ಹೆಜ್ಜೆ ಇದೇ, ತಗೊಳ್ಳೋರು ತಮ್ಮ ಮಾತಲ್ಲಿ ತಿರುಗಿ ಹೇಳೋದು. ಅಮೆರಿಕ, ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಆ ಪದ್ಧತಿ ತಂದು ನೋಡಿದಾಗ ಚಿಕಿತ್ಸೆಯ ತಪ್ಪುಗಳು 23 ಪರ್ಸೆಂಟ್ ಇಳಿದವು ಅಂತ 2014ರಲ್ಲಿ ಪ್ರಕಟ ಆಗಿತ್ತು.

"ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಆಯ್ತು ಅಂತಾರೆ. ಹೀಗೆ ಕೇಳಿ:

"ಮೇಡಂ, ಏಳನೇ ಬೆಡ್ ಹುಡುಗನಿಗೆ ಶಾಕ್ ಆದ್ರೆ ಎಷ್ಟು ಬಿಡ್ತೀರಾ?"

"460 ಎಂಎಲ್ ಒಂದು ಗಂಟೇಲಿ."

"ಅದು 46 ಕೆಜಿ ಲೆಕ್ಕ ಮೇಡಂ, ಇವನಿಗೆ ಫ್ಲೂಯಿಡ್ 32ಕ್ಕೆ ಹಾಕ್ಬೇಕು."

"ಓ ಸರಿ ಸರಿ, 320. ಸಿಸ್ಟರ್, ಆ 46ರ ಪಕ್ಕ ಕೆಂಪು ಪೆನ್ನಲ್ಲಿ 32 ಅಂತ ಬರೀತೀರಾ ಸ್ವಲ್ಪ?"

ಹೀಗೆ ಬಾಯಲ್ಲಿ ಹೇಳಿಸಿದಾಗ್ಲೇ ಹೊರಗೆ ಬರೋ ತಪ್ಪು ಇದು, ಓದಿ ತಲೆ ಆಡಿಸಿದ್ರೆ ಒಳಗೇ ಉಳಿಯುತ್ತೆ. ಟೈಮ್ ಇಲ್ಲ ಅಂದ್ರೆ ನಾಲ್ಕೂ ಬೆಡ್‌ದು ಎಲ್ಲಾ ಡೋಸ್ ಕೇಳೋಕೆ ಹೋಗಬೇಡಿ, ಒಂದೊಂದು ಮಗುಗೆ ಒಂದೇ ಪ್ರಶ್ನೆ, ರಾತ್ರಿ ಕೆಟ್ರೆ ಮೊದಲು ಕೈ ಹಾಕೋ ಔಷಧಿದು: ಏಳಕ್ಕೆ ಶಾಕ್ ಡ್ರಿಪ್, ಹನ್ನೆರಡಕ್ಕೆ ಅಡ್ರಿನಲಿನ್, ಮೂರಕ್ಕೆ ಲೋರಾಜೆಪಾಮ್, ಒಂಬತ್ತಕ್ಕೆ ಡೆಕ್ಸ್ಟ್ರೋಸ್.

ನೈಟ್ ಟೀಮ್‌ನೋರು ಕೊಟ್ಟ ಪ್ರತಿ ಡೋಸ್ ಪಕ್ಕ ಟೈಮ್ ಹಾಕಿ ಸಹಿ ಮಾಡ್ಲಿ, ಅದೇ ಹಾಳೆ ಬೆಳಗ್ಗೆ ವಾಪಸ್ ಬರ್ಲಿ. ಬೆಳಗ್ಗೆ ಆರಕ್ಕೆ ಒಂಬತ್ತನೇ ಬೆಡ್ ಮಗುನ ಮತ್ತೆ ತೂಗ್ತಾರೆ, ಏಳನೇ ಬೆಡ್‌ದು ಡ್ರಿಪ್ ದರ ಅಷ್ಟರಲ್ಲಿ ಎರಡು ಸಲ ಬದಲಾಗಿರುತ್ತೆ. ಹಂಗಾಗಿ ನಿನ್ನೆ ಹಾಳೆಯನ್ನೇ ತಿದ್ದಿ ಇವತ್ತಿಗೂ ಓಡಿಸೋದು ಬೇಡ. ಅದಕ್ಕೆ ಅಡ್ಡ ಗೆರೆ ಎಳೆದು ಫೈಲಿಗೆ ಹಾಕಿ, ಹೊಸ ತೂಕ ನೋಡ್ಕೊಂಡು ಹೊಸ ಹಾಳೇಲಿ ಎಲ್ಲಾ ಡೋಸ್ ಮೊದಲಿಂದ ಗುಣಿಸಿ ಬರೀರಿ.